ಹಳೆಯ ಕಾರು, ಮರೆಮಾಚಿದ ಅಪಘಾತ ಮತ್ತು ವ್ಯಾಪಾರಿಯ ಮೌನ

1872ರ ಭಾರತೀಯ ಕರಾರು ಕಾಯಿದೆಯ 17ನೆಯ ಕಲಮಿನ ಕೆಳಗೆ, ಅದನ್ನು ರಚಿಸಿದವರು ಕುದುರೆಯ ವ್ಯಾಪಾರವನ್ನು ಕುರಿತ ಕೆಲವು ದೃಷ್ಟಾಂತಗಳನ್ನು ಇರಿಸಿದ್ದಾರೆ. ತನ್ನ ಕುದುರೆಗೆ ರೋಗವಿದೆಯೆಂದು ಬಲ್ಲ ಒಬ್ಬನು ಅದನ್ನು ಹರಾಜಿನಲ್ಲಿ ಮಾರುತ್ತಾನೆ. ರೋಗದ ವಿಷಯವಾಗಿ ಆತನು ಏನನ್ನೂ ಹೇಳುವುದಿಲ್ಲ. ಅದು ವಂಚನೆಯಲ್ಲವೆಂದು ಕಾಯಿದೆ ಹೇಳುತ್ತದೆ. ಕೊಳ್ಳುವವಳು ಆಗತಾನೆ ವಯಸ್ಕಳಾದ ಅವನ ಮಗಳೇ ಆಗಿದ್ದರೆ ಆಗ ಆ ಸಂಬಂಧದ ಬಲದಿಂದಲೇ ಅವನು ಸತ್ಯವನ್ನು ಹೇಳಬೇಕಾಗುತ್ತದೆ. ಇನ್ನು ಕೊಳ್ಳುವವನು ಮಾರುವವನ ಮುಂದೆ ನಿಂತು, ನೀನು ಅಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ಭಾವಿಸುವೆನು ಎಂದು ಹೇಳಿ, ಅದಕ್ಕೆ ಮಾರುವವನು ಬಾಯಿ ಬಿಡದೆ ಇದ್ದನಾದರೆ, ಆ ಮೌನವು ಮಾತಿಗೆ ಸಮಾನವಾಗುತ್ತದೆ. ನೂರೈವತ್ತು ವರ್ಷಗಳ ಹಿಂದಿನ ಈ ಕುದುರೆ ಇಂದು ನಮ್ಮ ಊರುಗಳ ಕನ್ಸಲ್ಟಿಂಗ್ ಅಂಗಡಿಗಳ ಮುಂದೆ ಪಾಲಿಶ್ ಹೊಡೆಸಿಕೊಂಡು ನಿಂತಿರುವ ಹಳೆಯ ಕಾರೇ ಆಗಿದೆ. ಕೊಂಡವನು ಆಮೇಲೆ ಪಡುವ ಸಂಕಟಕ್ಕೆ ಪರಿಹಾರ ದೊರೆಯುವುದೋ ಇಲ್ಲವೋ ಎಂಬ ಪ್ರಶ್ನೆಯ ಬಹುಭಾಗವು ಈ ಮೂರು ದೃಷ್ಟಾಂತಗಳಲ್ಲಿ ಆತನ ಸ್ಥಿತಿ ಯಾವುದಕ್ಕೆ ಹೊಂದುತ್ತದೆ ಎಂಬುದನ್ನೇ ಅವಲಂಬಿಸಿದೆ.

ಈ ವಿಷಯವನ್ನು ನಾನು ಪುಸ್ತಕದಿಂದ ಆರಂಭಿಸಿದವನಲ್ಲ. ನನ್ನ ತಂಗಿಯ ಮಗನೊಬ್ಬನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕನಾಗಿದ್ದಾನೆ. ವೃದ್ಧ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದಕ್ಕೆ ಅನುಕೂಲವಾಗಲೆಂದು, ಐದು ವರ್ಷ ದಾಟಿದ ಒಂದು ಸಣ್ಣ ಕಾರನ್ನು ಬೆಂಗಳೂರಿನ ವ್ಯಾಪಾರಿಯೊಬ್ಬನಿಂದ 4,80,000 ರೂಪಾಯಿಗೆ ಕೊಂಡನು. ಜಾಹೀರಾತಿನಲ್ಲಿ ‘ಸಿಂಗಲ್ ಓನರ್, ನಾನ್ ಆಕ್ಸಿಡೆಂಟ್’ ಎಂದಿತ್ತು. ಸ್ವಭಾವತಃ ಜಾಗರೂಕನಾದ ಆತನು ಹಣ ಕೊಡುವುದಕ್ಕೆ ಮುಂಚೆ ವಾಟ್ಸ್ಯಾಪಿನಲ್ಲಿ, ‘ಸರ್, ಗಾಡಿಗೆ ಏನಾದರೂ ಆಕ್ಸಿಡೆಂಟ್ ಆಗಿದೆಯೇ, ದಯವಿಟ್ಟು ಹೇಳಿ’ ಎಂದು ಕೇಳಿದ್ದನು; ‘ಏನೂ ಇಲ್ಲ ಸರ್, ಮುಂದಿನ ಬಂಪರ್ ಟಚಪ್ ಅಷ್ಟೇ’ ಎಂದು ಉತ್ತರ ಬಂದಿತ್ತು. ಮುಂದೆ ನಡೆದ ಸಮಸ್ತ ವ್ಯವಹಾರದಲ್ಲಿ ಆತನನ್ನು ಕೈಹಿಡಿದು ನಡೆಸಿದ್ದು ಈ ಎರಡು ಸಾಲುಗಳೇ.

ಮೂರು ವಾರಗಳು ಕಳೆಯುವಷ್ಟರಲ್ಲಿ ಮುಂದಿನ ಎಡಗಡೆಯ ಟಯರಿನ ಒಳಅಂಚು ಬ್ಲೇಡಿನಿಂದ ಹೆರೆದಂತೆ ಸವೆದಿತ್ತು. ಹಾಸನದಲ್ಲಿ ವೀಲ್ ಅಲೈನ್‌ಮೆಂಟ್ ಮಾಡುವ ವೃದ್ಧ ಮೆಕ್ಯಾನಿಕನೊಬ್ಬನು ಎರಡು ಸಲ ಪ್ರಯತ್ನಿಸಿ, ಎಡಗಾಲಿಯ ಓರೆಯು ಮಿತಿಯೊಳಕ್ಕೆ ಬಾರದಿರಲು ಬಾನೆಟ್ಟನ್ನು ಎತ್ತಿ, ಟಾರ್ಚು ಹಿಡಿದು, ‘ಮೇಷ್ಟ್ರೇ, ಇಲ್ಲಿ ಬಂದು ನೋಡಿ’ ಎಂದು ಕರೆದನು. ನಾನೂ ಜೊತೆಗಿದ್ದೆನು. ಕಂಪನಿಯಲ್ಲಿ ಯಂತ್ರಗಳು ತಗಡನ್ನು ತಗಡಿಗೆ ಬೆಸೆಯುವಾಗ ಸಮಾನ ಅಂತರದಲ್ಲಿ ಸಣ್ಣ ಸಣ್ಣ ಗುಂಡಿಗಳಂತಹ ಗುರುತುಗಳು ಬೀಳುತ್ತವೆ. ಬಲಗಡೆಯ ಏಪ್ರನ್ನಿನಲ್ಲಿ, ಎಂದರೆ ಮುಂಗಾಲಿಯ ಮೇಲ್ಭಾಗದ ಒಳಗೋಡೆಯಲ್ಲಿ, ಆ ಗುರುತುಗಳು ಸಾಲಾಗಿ, ಸ್ವಚ್ಛವಾಗಿ ಇದ್ದವು. ಎಡಗಡೆ ಅವುಗಳ ಸ್ಥಳದಲ್ಲಿ ಗ್ಯಾಸ್ ವೆಲ್ಡಿಂಗಿನ ಗಂಟುಗಳೂ, ಅವುಗಳ ಮೇಲೆ ಕುಂಚದಿಂದ ಬಳಿದ ಕಪ್ಪು ಲೇಪವೂ ಕಂಡವು. ಬಾನೆಟ್ಟಿನ ಕೀಲುಗಳ ಬೋಲ್ಟುಗಳ ತಲೆಯ ಮೇಲೆ ಸ್ಪ್ಯಾನರು ತಿರುಗಿದ ಕಲೆಗಳಿದ್ದವು. ಕೀಲಿಯನ್ನು ತಿರುಗಿಸಿದಾಗ ಕೆಲವು ಕ್ಷಣ ಬೆಳಗಿ ಆರಬೇಕಾದ ಏರ್‌ಬ್ಯಾಗಿನ ದೀಪವು ಬೆಳಗಲೇ ಇಲ್ಲ. ಅದೆಷ್ಟು ದಿನಗಳಿಂದ ಬೆಳಗದೆ ಇತ್ತೋ, ನಾವಾರೂ ಅದನ್ನು ಗಮನಿಸಿರಲಿಲ್ಲ.

ಇಲ್ಲಿ ಒಂದು ವಿವೇಚನೆಯನ್ನು ಮಾಡಿಕೊಳ್ಳದೆ ಮುಂದೆ ಹೋಗುವುದು ಉಚಿತವಲ್ಲ. ನಮ್ಮ ನಗರಗಳ ಸಂಚಾರದಲ್ಲಿ ಐದು ವರ್ಷ ಓಡಿದ ಕಾರಿನ ಬಂಪರೋ ಬಾಗಿಲೋ ಒಮ್ಮೆಯಾದರೂ ಉಜ್ಜಿಸಿಕೊಂಡು ಬಣ್ಣ ಕಾಣದೆ ಇರುವುದು ವಿರಳ. ಬಾನೆಟ್, ಫೆಂಡರ್, ಬಾಗಿಲುಗಳು ಬೋಲ್ಟಿನಿಂದ ಕೂಡಿಸಿದ ಅಂಗಗಳಾದ್ದರಿಂದ ಅವುಗಳನ್ನು ಬಿಚ್ಚಿ ಬದಲಾಯಿಸಿದರೆ ವಾಹನದ ಬಲಕ್ಕೆ ಊನವೇನೂ ಆಗುವುದಿಲ್ಲ. ಏಪ್ರನ್, ಪಿಲ್ಲರ್, ಚಾಸಿಸ್ಸಿನ ಮುಂಗೈಗಳು ಹಾಗಲ್ಲ. ಅವು ಬೆಸುಗೆಯಿಂದ ಒಂದಾದ ಅಸ್ಥಿಪಂಜರ. ಡಿಕ್ಕಿಯ ಆಘಾತವನ್ನು ತಮ್ಮ ಮೇಲೆ ತೆಗೆದುಕೊಂಡು, ನಿರ್ದಿಷ್ಟ ರೀತಿಯಲ್ಲಿ ಮಡಿಚಿಕೊಂಡು, ಒಳಗೆ ಕುಳಿತವರನ್ನು ಉಳಿಸುವುದಕ್ಕಾಗಿ ರಚಿತವಾದ ಈ ಭಾಗಗಳು ಒಮ್ಮೆ ಮಡಿಚಿ, ಟಿಂಕರಿಂಗ್ ಅಂಗಡಿಯಲ್ಲಿ ಕಾಸಿ ನೆಟ್ಟಗೆ ಮಾಡಿಸಿಕೊಂಡ ಮೇಲೆ, ಎರಡನೆಯ ಡಿಕ್ಕಿಯಲ್ಲಿ ಮೊದಲಿನಂತೆಯೇ ವರ್ತಿಸುವುವೆಂಬ ಭರವಸೆಯನ್ನು ಯಾರೂ ಕೊಡಲಾರರು. ಆದ್ದರಿಂದ ‘ಅಪಘಾತವಾದ ಕಾರು’ ಎಂದು ದೂರುವವನು ಮೊದಲು ತನ್ನ ದೂರು ಬಣ್ಣವನ್ನು ಕುರಿತದ್ದೋ ಅಸ್ಥಿಯನ್ನು ಕುರಿತದ್ದೋ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಬಣ್ಣದ ದೂರಿಗೆ ದೊಡ್ಡ ಪರಿಹಾರವನ್ನು ಬೇಡಿದವರು ಎಷ್ಟೋ ಸಲ ತಮ್ಮ ನ್ಯಾಯವಾದ ಪಾಲನ್ನೂ ಕಳೆದುಕೊಳ್ಳುತ್ತಾರೆ.

ಬಣ್ಣದ ದಪ್ಪವನ್ನು ಅಳೆಯುವ ಅಂಗೈಯಗಲದ ಒಂದು ಮಾಪಕವಿದೆ. ಕಂಪನಿಯ ಬಣ್ಣವು ಸಾಮಾನ್ಯವಾಗಿ 80ರಿಂದ 150 ಮೈಕ್ರಾನಿನಷ್ಟಿರುತ್ತದೆ; ಮರುಬಣ್ಣ ಕಂಡ ತಗಡಿನಲ್ಲಿ ಅದು ಇಮ್ಮಡಿಯಾಗುತ್ತದೆ; ಒಳಗೆ ಪುಟ್ಟಿ ತುಂಬಿದ್ದರೆ 500ನ್ನು ಮೀರಿ ಸಾವಿರದತ್ತ ಏರುತ್ತದೆ. ನಮ್ಮ ಹುಡುಗನ ಕಾರಿನಲ್ಲಿ ಛಾವಣಿ 112 ತೋರಿತು, ಎಡ ಫೆಂಡರು 240, ಎಡಗಡೆಯ ಮುಂಗಂಬದ ಬುಡ 690. ಫೆಂಡರಿನ ಅಂಕಿ ಏನನ್ನೂ ಸಿದ್ಧಪಡಿಸುವುದಿಲ್ಲ. ಕಂಬದ ಬುಡದ ಅಂಕಿಗೆ ಮಾತ್ರ ವ್ಯಾಪಾರಿಯು ಉತ್ತರ ಹೇಳಬೇಕಾಗುತ್ತದೆ, ಏಕೆಂದರೆ ಅಲ್ಲಿ ಪುಟ್ಟಿ ತುಂಬಬೇಕಾಗಿ ಬರುವುದು ಕಂಬವೇ ಜಜ್ಜಿದಾಗ. ಪ್ಲಾಸ್ಟಿಕ್ಕಿನ ಬಂಪರಿನ ಮೇಲೆ ಈ ಮಾಪಕವು ಕೆಲಸ ಮಾಡುವುದಿಲ್ಲವಾದ ಕಾರಣ, ಬಂಪರನ್ನು ಕುರಿತ ವಾದವನ್ನು ಅದರ ಮೇಲೆ ಕಟ್ಟಲಾಗದು.

ಆದರೆ ಅಪಘಾತವಾಗಿತ್ತೆಂದು ಸಿದ್ಧಪಡಿಸಿದ ಮಾತ್ರಕ್ಕೆ ವ್ಯಾಪಾರಿಯು ಹೊಣೆಯಾಗುವುದಿಲ್ಲ. ಈ ವಿಷಯದಲ್ಲಿ ಬರೆಯಲ್ಪಡುವ ದೂರುಗಳ ಸಾಮಾನ್ಯ ದೋಷವೇ ಇದು: ಹತ್ತು ಪುಟಗಳ ತುಂಬ ಕಾರಿನ ಗಾಯಗಳ ವರ್ಣನೆಯಿರುತ್ತದೆ, ವ್ಯಾಪಾರಿಗೆ ಆ ಗಾಯಗಳು ತಿಳಿದಿದ್ದವೆಂಬುದಕ್ಕೆ ಒಂದು ವಾಕ್ಯವೂ ಇರುವುದಿಲ್ಲ. ‘ನಾನೂ ನಂಬಿಯೇ ಕೊಂಡೆ, ನನಗೂ ಮೋಸವಾಗಿದೆ’ ಎಂದು ಆತನು ಹೇಳಿಬಿಟ್ಟರೆ ವಂಚನೆಯ ಆರೋಪವು ಅಲ್ಲಿಗೆ ಸಡಿಲವಾಗುತ್ತದೆ. ಹಾಗಾದರೆ ಪರರ ಮನಸ್ಸಿನಲ್ಲಿದ್ದ ಅರಿವನ್ನು ಸಿದ್ಧಪಡಿಸುವ ಬಗೆ ಹೇಗೆ?

ಅದು ಬಹುಶಃ ಆತನೇ ಕೊಟ್ಟ ಕಾಗದಗಳಲ್ಲಿರುತ್ತದೆ. ನಮ್ಮ ಹುಡುಗನಿಗೆ ಕೀಲಿಯ ಜೊತೆಗೆ ಕೊಟ್ಟ ಕಡತದಲ್ಲಿ ಚಾಲ್ತಿಯ ವಿಮಾ ಪಾಲಿಸಿಯ ಪ್ರತಿಯಿತ್ತು. ವಾಹನದ ಸ್ವಂತ ಹಾನಿಗೆ ಕ್ಲೇಮು ಮಾಡದ ಮಾಲೀಕನಿಗೆ ವಿಮಾ ಕಂಪನಿಯು ಪ್ರೀಮಿಯಮ್ಮಿನಲ್ಲಿ ಕೊಡುವ ರಿಯಾಯಿತಿಗೆ ನೋ ಕ್ಲೇಮ್ ಬೋನಸ್ ಎಂದು ಹೆಸರು. ಮೊದಲ ವರ್ಷದ ಕೊನೆಗೆ ಶೇಕಡಾ 20ರಿಂದ ಆರಂಭವಾಗಿ 25, 35, 45 ಎಂದು ಏರುತ್ತ, ಐದು ವರ್ಷ ಸತತವಾಗಿ ಕ್ಲೇಮಿಲ್ಲದಿದ್ದರೆ ಅದು ಶೇಕಡಾ 50ನ್ನು ಮುಟ್ಟುತ್ತದೆ. ಕ್ಲೇಮಾದರೆ ಸಾಮಾನ್ಯವಾಗಿ ಸೊನ್ನೆಗೆ ಇಳಿಯುತ್ತದೆ. ಒಬ್ಬನೇ ಮಾಲೀಕನ ಕೈಯಲ್ಲಿ ಐದು ವರ್ಷ ಇದ್ದ ಆ ಕಾರಿನ ಪಾಲಿಸಿಯಲ್ಲಿ 50 ಇರಬೇಕಾದ ಕಡೆ ಸೊನ್ನೆಯಿತ್ತು! ಪಾಲಿಸಿಯನ್ನು 90 ದಿನಗಳಿಗಿಂತ ಹೆಚ್ಚು ಕಾಲ ನವೀಕರಿಸದೆ ಬಿಟ್ಟರೂ ಬೋನಸ್ಸು ಹೋಗುವುದುಂಟು. ಅದಕ್ಕಾಗಿ ಹಿಂದಿನ ಪಾಲಿಸಿಯ ಕೊನೆಯ ದಿನವನ್ನೂ ಹೊಸದರ ಮೊದಲ ದಿನವನ್ನೂ ಹೋಲಿಸಿ ನೋಡಿದೆವು. ಮಧ್ಯೆ ಒಂದು ದಿನದ ಅಂತರವೂ ಇರಲಿಲ್ಲ. ಆ ಸೊನ್ನೆಯೊಂದೇ ದೊಡ್ಡ ಅಪಘಾತವನ್ನು ಸಿದ್ಧಪಡಿಸದು, ಚಿಕ್ಕ ಕ್ಲೇಮಿಗೂ ಬೋನಸ್ಸು ಹೋಗುತ್ತದಷ್ಟೆ. ಆದರೆ ಪ್ರತಿನಿತ್ಯ ಪಾಲಿಸಿಗಳನ್ನು ತಿರುವಿಹಾಕುವ ವ್ಯಾಪಾರಿಯ ಕಣ್ಣಿಗೆ ಈ ಕಾರಿಗೆ ಏನೋ ಆಗಿದೆ ಎಂಬ ಸೂಚನೆ ಬಿದ್ದಿತ್ತೆಂಬುದಕ್ಕೆ ಅದು ಆತನ ಕೈಯಿಂದಲೇ ಬಂದ ಸಾಕ್ಷಿ.

ಎರಡನೆಯ ಕಾಗದವು ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರದಿಂದ ಬಂದಿತು. ಆರ್‌ಸಿ ತನ್ನ ಹೆಸರಿಗಾದ ಮೇಲೆ ಮಾಲೀಕನೆಂಬ ನೆಲೆಯಲ್ಲಿ ಆತನು ಅರ್ಜಿ ಕೊಟ್ಟು ಸರ್ವೀಸಿನ ಪೂರ್ವಚರಿತ್ರೆಯನ್ನು ಪಡೆದನು. ಹದಿನಾಲ್ಕು ತಿಂಗಳ ಹಿಂದೆ ಕಾರನ್ನು ಟೋ ಮಾಡಿ ತಂದದ್ದು, ಮುಂಭಾಗದ ಎಡಬದಿಯ ಹಾನಿ, ಎರಡು ಏರ್‌ಬ್ಯಾಗುಗಳು ಬಿಚ್ಚಿಕೊಂಡದ್ದು, 2,38,000 ರೂಪಾಯಿಯ ಅಂದಾಜು ಪಟ್ಟಿ, ಕೊನೆಗೆ ದುರಸ್ತಿ ಮಾಡಿಸದೆ ವಾಹನವನ್ನು ಹೊರಕ್ಕೆ ಒಯ್ದದ್ದು ಎಲ್ಲವೂ ಅದರಲ್ಲಿ ದಾಖಲಾಗಿದ್ದವು. ವಿಮಾ ಕಂಪನಿಯ ಸರ್ವೇಯರನ ವರದಿಯನ್ನು ಕೇಳಲು, ಕ್ಲೇಮು ಹಿಂದಿನ ಮಾಲೀಕನಿಗೆ ಸೇರಿದ್ದೆಂದು ಹೇಳಿ ಕಂಪನಿಯವರು ಕೊಡಲಿಲ್ಲ. ಇದರಿಂದ ಧೃತಿಗೆಡಬೇಕಾದುದಿಲ್ಲ. ದಾಖಲೆಗಳನ್ನು ಹಾಜರುಪಡಿಸುವಂತೆ ಆಜ್ಞಾಪಿಸುವ ವಿಷಯದಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವನ್ನು ಕಾಯಿದೆಯೇ ಕೊಟ್ಟಿರುವುದರಿಂದ, ನಮಗೆ ದೊರೆಯದ ಕಾಗದವನ್ನು ಅಲ್ಲಿ ತರಿಸಿಕೊಡಿರೆಂದು ಪ್ರಾರ್ಥಿಸಬಹುದು.

ಇನ್ನು ಪರಿಹಾರದ ಸ್ವರೂಪ. ವಂಚನೆಯಿಂದ ಒಪ್ಪಿಗೆ ಪಡೆದ ಕರಾರನ್ನು ಮೋಸಹೋದವನು ಇಷ್ಟಪಟ್ಟರೆ ರದ್ದುಪಡಿಸಬಹುದು. ಇಲ್ಲವೇ ಕರಾರನ್ನು ಉಳಿಸಿಕೊಂಡು, ಹೇಳಿದ ಮಾತು ನಿಜವಾಗಿದ್ದಿದ್ದರೆ ತಾನು ಯಾವ ಸ್ಥಿತಿಯಲ್ಲಿರುತ್ತಿದ್ದನೋ ಆ ಸ್ಥಿತಿಯಲ್ಲಿ ತನ್ನನ್ನು ಇರಿಸಬೇಕೆಂದು ಕೇಳಬಹುದು. ಕರಾರು ಕಾಯಿದೆಯ 19ನೆಯ ಕಲಮು ಹೀಗೆ ಎರಡು ದಾರಿಗಳನ್ನು ತೆರೆದಿಟ್ಟಿದೆ. ಎರಡನ್ನೂ ಒಟ್ಟಿಗೆ ತುಳಿಯಲಾಗದು. ಕಾರನ್ನು ಹಿಂದಿರುಗಿಸಿ ಹಣವನ್ನು ಪಡೆಯಬೇಕೆನ್ನುವವನು ದೋಷ ತಿಳಿದ ದಿನದಿಂದ ಕಾರನ್ನು ತನ್ನದೆಂಬಂತೆ ಓಡಿಸುತ್ತ ಹೋಗಕೂಡದು; ತಿಳಿದೂ ಬಳಸಿದರೆ ಕರಾರನ್ನು ಸ್ಥಿರಪಡಿಸಿದಂತೆ ಎಂಬ ಆಕ್ಷೇಪವು ಎದುರಾಗುತ್ತದೆ. ಅಷ್ಟೇ ಮುಖ್ಯವಾದ ಮತ್ತೊಂದು ಮಾತೆಂದರೆ, ಗಾಯಗಳ ಛಾಯಾಚಿತ್ರಗಳೂ ತಜ್ಞನ ಲಿಖಿತ ವರದಿಯೂ ಕೈಸೇರುವುದಕ್ಕೆ ಮುಂಚೆ ಕಾರನ್ನು ದುರಸ್ತಿಗೆ ಕೊಡಕೂಡದು. ಕೋಪದಲ್ಲೋ ಅವಸರದಲ್ಲೋ ರಿಪೇರಿ ಮಾಡಿಸಿಬಿಟ್ಟವರು ತಮ್ಮ ಸಾಕ್ಷ್ಯವನ್ನು ತಾವೇ ಅಳಿಸಿಹಾಕಿದಂತಾಗುತ್ತದೆ. ನಮ್ಮ ಹುಡುಗನು ಕೊಂಡಾಗ 41,260 ಕಿಲೋಮೀಟರಿದ್ದ ಕಾರನ್ನು 43,112ಕ್ಕೆ ನಿಲ್ಲಿಸಿ, ಆ ಅಂಕಿಯ ಚಿತ್ರವನ್ನು ತೆಗೆದಿಟ್ಟು, ಮನೆಯ ಪಕ್ಕದ ಶೆಡ್ಡಿನಲ್ಲಿ ಬೀಗ ಹಾಕಿದನು. ತಾಯಿಯನ್ನು ಮತ್ತೆ ಬಾಡಿಗೆಯ ವಾಹನದಲ್ಲಿಯೇ ಕರೆದೊಯ್ಯಬೇಕಾಯಿತು.

ಅನಂತರ ಬರೆದ ಪತ್ರವನ್ನು ನಾವಿಬ್ಬರೂ ಕುಳಿತು ಮೂರು ಸಲ ತಿದ್ದಿದೆವು. ಮೊದಲ ಕರಡಿನಲ್ಲಿ ಕೋಪವೇ ಹೆಚ್ಚಾಗಿತ್ತು. ಅದನ್ನೆಲ್ಲ ತೆಗೆದುಹಾಕಲು ಉಳಿದದ್ದು ಎರಡೇ ಪುಟ. ಅದರ ತಿರುಳನ್ನು ಇಲ್ಲಿ ಕೊಡುತ್ತೇನೆ:

‘ಮಾನ್ಯರೇ, ತಮ್ಮಿಂದ ನಾನು ಕೊಂಡ ಕಾರಿಗೆ ಅಪಘಾತವಾಗಿಲ್ಲವೆಂದು ತಾವು ಜಾಹೀರಾತಿನಲ್ಲಿಯೂ, ನಾನು ನೇರವಾಗಿ ಕೇಳಿದ ಪ್ರಶ್ನೆಗೆ ಉತ್ತರವಾಗಿಯೂ ತಿಳಿಸಿದಿರಿ. ಆ ಮಾತನ್ನು ನಂಬಿಯೇ ನಾನು 4,80,000 ರೂಪಾಯಿಗಳನ್ನು ತಮ್ಮ ಅಂಗಡಿಯ ಬ್ಯಾಂಕು ಖಾತೆಗೆ ಸಂದಾಯ ಮಾಡಿದೆನು. ಎಡಗಡೆಯ ಏಪ್ರನ್ ಮತ್ತು ಮುಂಗಂಬಗಳು ಜಜ್ಜಿ ಬೆಸೆಯಲ್ಪಟ್ಟಿರುವುದೂ, ಎರಡು ಏರ್‌ಬ್ಯಾಗುಗಳು ಇಲ್ಲದಿರುವುದೂ ಈಗ ತಿಳಿದುಬಂದಿದೆ. ತಾವೇ ಕೊಟ್ಟ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಸೊನ್ನೆಯಿದೆ. ಕಾರನ್ನು ನಾನು ಓಡಿಸುವುದನ್ನು ನಿಲ್ಲಿಸಿದ್ದೇನೆ. ತಾವು ಕಾರನ್ನು ಹಿಂಪಡೆದು ಪೂರ್ತಿ ಬೆಲೆಯನ್ನೂ, ವರ್ಗಾವಣೆ ಮತ್ತು ವಿಮೆಗೆ ನಾನು ಮಾಡಿದ 9,400 ರೂಪಾಯಿಯ ಖರ್ಚನ್ನೂ ಹದಿನೈದು ದಿನಗಳೊಳಗೆ ಹಿಂದಿರುಗಿಸಬೇಕು. ನಾನು ಓಡಿಸಿದ 1,852 ಕಿಲೋಮೀಟರಿಗೆ ನ್ಯಾಯವಾದ ಮೊತ್ತವನ್ನು ಕಳೆಯುವುದಕ್ಕೆ ನನ್ನ ಒಪ್ಪಿಗೆಯಿದೆ. ಪರಿಶೀಲನೆಗೆ ತಮ್ಮ ಮೆಕ್ಯಾನಿಕನನ್ನು ಯಾವ ಭಾನುವಾರವಾದರೂ ಕಳುಹಿಸಬಹುದು.’

ಓಡಿಸಿದ ದೂರಕ್ಕೆ ಕಡಿತವನ್ನು ತಾನಾಗಿಯೇ ಒಪ್ಪಿದ ಆ ವಾಕ್ಯವನ್ನು ಕೆಲವು ಸ್ನೇಹಿತರು ದೌರ್ಬಲ್ಯವೆಂದರು. ನನ್ನ ಅಭಿಪ್ರಾಯ ಬೇರೆ. ಕರಾರನ್ನು ರದ್ದುಪಡಿಸುವವನು ಅದರಿಂದ ತಾನು ಪಡೆದ ಪ್ರಯೋಜನವನ್ನು ಹಿಂದಿರುಗಿಸಬೇಕೆಂಬುದು ಅದೇ ಕಾಯಿದೆಯ 64ನೆಯ ಕಲಮಿನ ಆಶಯ. ಅದನ್ನು ಎದುರಾಳಿಯು ಎತ್ತುವ ಮುಂಚೆ ನಾವೇ ಹೇಳಿದರೆ, ಮುಂದೆ ಪತ್ರವನ್ನು ಓದುವ ನ್ಯಾಯಾಧಿಕಾರಿಗೆ ಬರೆದವನು ಲಾಭಕ್ಕೆ ಹೊರಟವನಲ್ಲವೆಂದು ತಿಳಿಯುತ್ತದೆ. ಕಾರನ್ನು ಇಟ್ಟುಕೊಳ್ಳುವ ದಾರಿಯನ್ನು ಆತನು ಹಿಡಿದಿದ್ದರೆ ಲೆಕ್ಕವು ಬೇರೆಯಾಗುತ್ತಿತ್ತು. ಇಬ್ಬರು ಮೌಲ್ಯಮಾಪಕರು ಈ ಸ್ಥಿತಿಯ ಕಾರಿಗೆ 3,40,000 ರೂಪಾಯಿ ಬೆಲೆ ಕಟ್ಟಿದ್ದರಾದ್ದರಿಂದ ವ್ಯತ್ಯಾಸವಾದ 1,40,000 ಆತನಿಗೆ ಸಲ್ಲಬೇಕಾದದ್ದು. ಅದರ ಮೇಲೆ ಏರ್‌ಬ್ಯಾಗ್ ಕೂಡಿಸುವ ಖರ್ಚನ್ನು ಪ್ರತ್ಯೇಕವಾಗಿ ಕೇಳುವಂತಿರಲಿಲ್ಲ, ಏಕೆಂದರೆ ಏರ್‌ಬ್ಯಾಗಿಲ್ಲದ ಕೊರತೆಯು ಆ ತಗ್ಗಿದ ಬೆಲೆಯಲ್ಲಿಯೇ ಅಡಕವಾಗಿತ್ತು. ಒಂದೇ ನಷ್ಟವನ್ನು ಎರಡು ಹೆಸರಿನಲ್ಲಿ ಬೇಡುವ ದೂರುಗಳು ಬೇಗನೆ ವಿಶ್ವಾಸವನ್ನು ಕಳೆದುಕೊಳ್ಳುತ್ತವೆ.

ಸ್ವೀಕೃತಿ ಸಹಿತವಾಗಿ ಸ್ಪೀಡ್ ಪೋಸ್ಟಿನಲ್ಲಿ ಹೋದ ಆ ಪತ್ರಕ್ಕೆ ವಕೀಲರ ಮೂಲಕ ಉತ್ತರ ಬಂದಿತು. ಅದರಲ್ಲಿದ್ದ ಮೂರು ವಾದಗಳು ಈ ವರ್ಗದ ವ್ಯಾಜ್ಯಗಳಲ್ಲಿ ಮತ್ತೆ ಮತ್ತೆ ಕಾಣಬರುವಂಥವು.

ವ್ಯಾಪಾರಿಯು ಕೇವಲ ಮಧ್ಯವರ್ತಿ, ಆರ್‌ಸಿ ಆತನ ಹೆಸರಿನಲ್ಲಿ ಎಂದೂ ಇರಲಿಲ್ಲ, ಆದುದರಿಂದ ದೂರನ್ನು ಹಿಂದಿನ ಮಾಲೀಕನ ಮೇಲೆ ಹೂಡಬೇಕು ಎಂಬುದು ಮೊದಲನೆಯದು. ಬಹುಕಾಲ ಈ ವಾದಕ್ಕೆ ಸ್ವಲ್ಪ ಬಲವಿತ್ತು, ಏಕೆಂದರೆ ಮಾಲೀಕನಿಂದ ಸಹಿ ಹಾಕಿಸಿಕೊಂಡ 29 ಮತ್ತು 30ನೆಯ ನಮೂನೆಗಳನ್ನು ತಾರೀಖಿಲ್ಲದೆ ಇಟ್ಟುಕೊಂಡು, ನೇರವಾಗಿ ಕೊಳ್ಳುವವನ ಹೆಸರಿಗೆ ವರ್ಗಾಯಿಸುವುದೇ ಪದ್ಧತಿಯಾಗಿತ್ತು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರಿನಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳಿಗೆ ಅಧಿಕೃತ ಪ್ರಮಾಣಪತ್ರದ ವ್ಯವಸ್ಥೆಯು ಬಂದಿದೆ. ಮಾಲೀಕನು ಅಂತಹ ವ್ಯಾಪಾರಿಗೆ ವಾಹನವನ್ನು ಒಪ್ಪಿಸಿದ್ದನ್ನು ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿದ ಮೇಲೆ ವ್ಯಾಪಾರಿಯನ್ನೇ ಮಾಲೀಕನೆಂದು ಭಾವಿಸಲಾಗುತ್ತದೆ. ಈ ಪ್ರಮಾಣಪತ್ರವನ್ನು ಪಡೆಯದ ಅಂಗಡಿಗಳು ಇನ್ನೂ ಇರುವುದರಿಂದ, ಇದೊಂದನ್ನೇ ನಂಬಿ ಕೂರುವಂತಿಲ್ಲ. ಹಣವು ಯಾರ ಖಾತೆಗೆ ಹೋಯಿತು, ರಸೀದಿ ಯಾರ ಹೆಸರಿನಲ್ಲಿದೆ, ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ಅಂತರದ ಮೇಲೆ ಜಿಎಸ್‌ಟಿ ತೆತ್ತವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆತರೆ ಮಾರಿದವನು ಯಾರೆಂಬುದು ತಾನಾಗಿ ನಿಶ್ಚಯವಾಗುತ್ತದೆ. ಬೆಲೆಯ ಅಂತರವನ್ನು ತನ್ನ ಲಾಭವೆಂದು ತೋರಿಸಿ ತೆರಿಗೆ ಕಟ್ಟಿದವನು ತಾನು ದಳ್ಳಾಳಿಯೆಂದು ಹೇಳಿಕೊಳ್ಳುವುದು ಕಷ್ಟ.

ಕೊಳ್ಳುವವನು ‘ಇದ್ದ ಸ್ಥಿತಿಯಲ್ಲಿ, ಇದ್ದ ಹಾಗೆಯೇ’ ಎಂಬ ಷರತ್ತಿಗೆ ಸಹಿ ಮಾಡಿದ್ದಾನೆ ಎಂಬುದು ಎರಡನೆಯ ವಾದ. ಸಾಮಾನ್ಯ ಸವೆತಕ್ಕೆ, ಕಾಣುವ ಗೀರುಗಳಿಗೆ ಈ ಷರತ್ತು ಅನ್ವಯಿಸುವುದು ನ್ಯಾಯವೇ. ಹಳೆಯ ವಸ್ತುವನ್ನು ಕೊಂಡವನು ಹೊಸದರ ಗುಣವನ್ನು ಅಪೇಕ್ಷಿಸಬಾರದು. ಆದರೆ ಸುಳ್ಳು ಹೇಳಿ ಪಡೆದ ಸಹಿಯು ಆ ಸುಳ್ಳಿಗೇ ರಕ್ಷಣೆಯಾಗಲಾರದು. ಇದಲ್ಲದೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷವೆಂಬ ಪದವನ್ನು ನಿರೂಪಿಸುವಾಗ, ಕಾಯಿದೆ ಅಥವಾ ಕರಾರು ಅಪೇಕ್ಷಿಸುವ ಗುಣಮಟ್ಟದ ಕೊರತೆಯನ್ನು ಮಾತ್ರವಲ್ಲದೆ, ವ್ಯಾಪಾರಿಯು ಯಾವುದೇ ರೀತಿಯಲ್ಲಿ ಇದೆಯೆಂದು ಹೇಳಿಕೊಂಡ ಗುಣದ ಕೊರತೆಯನ್ನೂ ಅದರೊಳಗೆ ಸೇರಿಸಿದೆ. ಜಾಹೀರಾತಿನಲ್ಲಿ ‘ನಾನ್ ಆಕ್ಸಿಡೆಂಟ್’ ಎಂದು ಬರೆದ ಕ್ಷಣದಲ್ಲಿಯೇ ಅಪಘಾತವಿಲ್ಲದಿರುವುದು ಆ ಕಾರಿನ ಹೇಳಿಕೊಂಡ ಗುಣವಾಯಿತು. ಬೆಸೆದ ಏಪ್ರನ್ನು ಆ ಕಾಯಿದೆಯ ಅರ್ಥದಲ್ಲಿ ದೋಷವಾಯಿತು. ಇಲ್ಲದ ಗುಣಮಟ್ಟವನ್ನು ಇದೆಯೆಂದು ಬಿಂಬಿಸುವುದು ಅದೇ ಕಾಯಿದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯೂ ಹೌದು.

ಮೂರನೆಯ ವಾದವೇ ಗಂಭೀರವಾದದ್ದು. ಕೊಳ್ಳುವವನು ಮೆಕ್ಯಾನಿಕನೊಡನೆ ಬಂದು, ಬಾನೆಟ್ಟನ್ನು ತೆರೆಸಿ, ಓಡಿಸಿ ನೋಡಿ ಕೊಂಡಿದ್ದಾನೆ. ಸಾಧಾರಣ ಎಚ್ಚರದಿಂದ ತಿಳಿಯಬಹುದಾಗಿದ್ದುದನ್ನು ಆಗ ತಿಳಿಯದೆ ಈಗ ದೂರಿದರೆ ಸಲ್ಲದು ಎಂದು ಅವರು ಬರೆದಿದ್ದರು. 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮಿನಲ್ಲಿ ಇದಕ್ಕೆ ಆಧಾರವಿದೆ: ಸರಕನ್ನು ಪರೀಕ್ಷಿಸಿದವನಿಗೆ, ಆ ಪರೀಕ್ಷೆಯಿಂದ ಗೋಚರವಾಗಬೇಕಾಗಿದ್ದ ದೋಷದ ಮಟ್ಟಿಗೆ, ಗುಣಮಟ್ಟದ ಅಧ್ಯಾಹೃತ ಷರತ್ತಿನ ರಕ್ಷಣೆಯಿಲ್ಲ. ಕರಾರು ಕಾಯಿದೆಯ 19ನೆಯ ಕಲಮಿನಲ್ಲಿಯೂ, ಸಾಧಾರಣ ಶ್ರದ್ಧೆಯಿಂದ ಸತ್ಯವನ್ನು ಕಂಡುಕೊಳ್ಳುವ ಸಾಧನವಿದ್ದವನು ಕರಾರನ್ನು ರದ್ದುಪಡಿಸಲಾರನೆಂಬ ಅಪವಾದವಿದೆ. ಇಲ್ಲಿ ಕಾಯಿದೆಯ ಪದಗಳನ್ನು ಸಾವಧಾನವಾಗಿ ಓದಬೇಕು. ಆ ಅಪವಾದವು ಅನ್ವಯಿಸುವುದು ಎರಡಕ್ಕೆ ಮಾತ್ರ: ತಪ್ಪು ನಿರೂಪಣೆಗೆ ಮತ್ತು ವಂಚನೆಯೆನಿಸುವ ಮೌನಕ್ಕೆ. ತಿಳಿದೂ ಹೇಳಿದ ಸುಳ್ಳಿಗೂ, ಸತ್ಯವನ್ನು ಕ್ರಿಯಾಪೂರ್ವಕವಾಗಿ ಮರೆಮಾಚಿದ್ದಕ್ಕೂ ಅದು ಅನ್ವಯಿಸುವುದಿಲ್ಲ. ಬೆಸುಗೆಯ ಗಂಟಿನ ಮೇಲೆ ಕಪ್ಪು ಬಳಿಯುವುದು ಮೌನವಲ್ಲ. ಆರಬೇಕಾದ ದೀಪವು ಹತ್ತದಂತೆ ತಂತಿಯನ್ನು ಕೀಳುವುದು ಮೌನವಲ್ಲ. ಇವುಗಳನ್ನು ವ್ಯಾಪಾರಿಯೇ ಮಾಡಿಸಿದನೆಂದು ನಾವು ಸಿದ್ಧಪಡಿಸಲಾರದೆ ಇದ್ದೆವು, ಹಿಂದಿನ ಮಾಲೀಕನು ಮಾಡಿಸಿರಬಹುದಾಗಿತ್ತು. ಆದರೆ ‘ಏನೂ ಇಲ್ಲ ಸರ್’ ಎಂಬ ಉತ್ತರವಂತೂ ವ್ಯಾಪಾರಿಯದೇ ಮಾತು, ಅದೂ ಸೊನ್ನೆಯಿದ್ದ ಪಾಲಿಸಿಯನ್ನು ಕೈಯಲ್ಲಿ ಹಿಡಿದು ಆಡಿದ ಮಾತು.

ನಮ್ಮ ಹುಡುಗನು ಆ ಪ್ರಶ್ನೆಯನ್ನು ಕೇಳದೆ ಇದ್ದಿದ್ದರೆ, ಮತ್ತು ಜಾಹೀರಾತಿನಲ್ಲಿ ಆ ಎರಡು ಪದಗಳು ಇಲ್ಲದಿದ್ದರೆ, ಆತನ ಸ್ಥಿತಿಯು ಬಹುಮಟ್ಟಿಗೆ ಹರಾಜಿನಲ್ಲಿ ಕುದುರೆಯನ್ನು ಕೊಂಡವನ ಸ್ಥಿತಿಯೇ ಆಗುತ್ತಿತ್ತು. ಗ್ರಾಹಕ ಕಾಯಿದೆಯು ಸರಕಿನ ಗುಣವನ್ನು ತಿಳಿಯುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿರುವುದರಿಂದ ಆಗಲೂ ಆತನು ಪೂರ್ತಿ ನಿರಾಧಾರನಾಗುತ್ತಿರಲಿಲ್ಲ. ಆದರೆ ವಾದವು ದೀರ್ಘವಾಗುತ್ತಿತ್ತು, ಫಲವು ಸಂದಿಗ್ಧವಾಗುತ್ತಿತ್ತು.

ಜಿಲ್ಲಾ ಆಯೋಗಕ್ಕೆ ಹೋಗುವ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ಕೊಟ್ಟ ಬೆಲೆಯು 50 ಲಕ್ಷ ರೂಪಾಯಿಯನ್ನು ಮೀರದಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ; 5 ಲಕ್ಷದವರೆಗೆ ಶುಲ್ಕವಿಲ್ಲ. ದೂರುಗಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರನ್ನು ಸಲ್ಲಿಸಬಹುದೆಂಬುದು 2019ರ ಕಾಯಿದೆಯು ಮಾಡಿದ ದೊಡ್ಡ ಉಪಕಾರ. ಬೆಂಗಳೂರಿನಲ್ಲಿ ಕೊಂಡ ಕಾರಿಗೆ ಹಾಸನದಲ್ಲಿ ನ್ಯಾಯ ಕೇಳಬಹುದಾದ್ದರಿಂದ ಆತನಿಗೆ ಪ್ರತಿ ವಾಯಿದೆಗೂ ಒಂದು ದಿನದ ರಜೆ ಉಳಿಯಿತು. ಎರಡು ವರ್ಷಗಳ ಕಾಲಮಿತಿಯಿದೆ. ದೋಷ ತಿಳಿದ ದಿನದಿಂದ ಎಣಿಸಬಹುದೇ ಎಂಬ ವಾದಕ್ಕೆ ಎಡೆಗೊಡದೆ, ಕೊಂಡ ದಿನದಿಂದಲೇ ಎಣಿಸಿಕೊಳ್ಳುವುದು ಕ್ಷೇಮ. ಟ್ಯಾಕ್ಸಿ ಕಂಪನಿಯೊಂದು ಹತ್ತು ಕಾರುಗಳನ್ನು ಕೊಂಡಿದ್ದರೆ ಅದು ಗ್ರಾಹಕನೆನಿಸದು, ಸ್ವಂತ ಜೀವನೋಪಾಯಕ್ಕಾಗಿ ಒಂದೇ ಟ್ಯಾಕ್ಸಿಯನ್ನು ಕೊಂಡು ಓಡಿಸುವವನು ಗ್ರಾಹಕನೇ. ಪೊಲೀಸು ದೂರನ್ನು ಕೊಡಲು ಅವಕಾಶವಿದ್ದರೂ, ಅಲ್ಲಿ ಮೊದಲಿನಿಂದಲೇ ವಂಚಿಸುವ ಉದ್ದೇಶವಿತ್ತೆಂದು ಸಿದ್ಧಪಡಿಸಬೇಕಾಗುವುದರಿಂದಲೂ, ಹಣವನ್ನು ಮರಳಿ ಕೊಡಿಸುವುದು ಆ ಮಾರ್ಗದ ಮುಖ್ಯ ಗುರಿಯಲ್ಲವಾದುದರಿಂದಲೂ ನಾವು ಅದನ್ನು ಹಿಡಿಯಲಿಲ್ಲ.

ದೂರು ದಾಖಲಾಗುವುದಕ್ಕೆ ಮುಂಚೆ ವ್ಯಾಪಾರಿಯು ದೂರವಾಣಿಯಲ್ಲಿ 40,000 ರೂಪಾಯಿ ಕೊಡುವೆನೆಂದನು, ಆತನು ಒಪ್ಪಲಿಲ್ಲ. ದಾಖಲಾಗಿ, ಸರ್ವೇಯರನ ವರದಿಯನ್ನು ತರಿಸಬೇಕೆಂಬ ಅರ್ಜಿಯೂ ಸಲ್ಲಿಕೆಯಾದ ಮೇಲೆ ಎರಡು ಪಕ್ಷಗಳೂ ಒಪ್ಪಿ ಮಧ್ಯಸ್ಥಿಕೆಗೆ ಹೋದವು. ಎರಡನೆಯ ಬೈಠಕ್ಕಿನಲ್ಲಿ ವ್ಯಾಪಾರಿಯು ಕಾರನ್ನು ಹಿಂಪಡೆದು 4,70,000 ರೂಪಾಯಿ ಕೊಡಲು ಒಪ್ಪಿದನು. ಹಣವು ಖಾತೆಗೆ ಬಂದ ದಿನವೇ 29 ಮತ್ತು 30ನೆಯ ನಮೂನೆಗಳಿಗೆ ಸಹಿಯಾಗತಕ್ಕದ್ದೆಂದು, ಅದಕ್ಕೆ ಮುಂಚೆ ಆಗಕೂಡದೆಂದು ಒಪ್ಪಂದದಲ್ಲಿ ಬರೆಯಿಸಿದೆವು. ಮಾನಸಿಕ ಕ್ಲೇಶಕ್ಕೆಂದು ಬೇರೆ ಮೊತ್ತವೇನೂ ದೊರೆಯಲಿಲ್ಲ. ಬಾಡಿಗೆಯ ವಾಹನಗಳಿಗೆ ಆದ ಖರ್ಚು ಆತನ ಮೇಲೆಯೇ ಉಳಿಯಿತು. ಆದರೂ ಐದು ತಿಂಗಳಲ್ಲಿ ಮುಗಿದ ಈ ತೀರ್ಮಾನವು ಒಳ್ಳೆಯದೆಂದೇ ನಾನು ಭಾವಿಸುತ್ತೇನೆ. ಆಯೋಗದ ಆದೇಶ, ಅದರ ಮೇಲೆ ರಾಜ್ಯ ಆಯೋಗಕ್ಕೆ ಮೇಲ್ಮನವಿ, ಅನಂತರ ಜಾರಿ ಎಂದು ವರ್ಷಗಳು ಸಂದುಹೋಗುವುದನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಸಹಿಯ ದಿನ ಆ ನಮೂನೆಗಳನ್ನು ನಾನು ಎದುರಿಟ್ಟುಕೊಂಡು ಆದ್ಯಂತವಾಗಿ ಓದಿದೆನು. ಮಾರುವವನ ಹೆಸರು, ಕೊಳ್ಳುವವನ ಹೆಸರು, ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು, ಸಾಲದ ವಿವರ ಇವೆಲ್ಲಕ್ಕೂ ಅವುಗಳಲ್ಲಿ ಸ್ಥಳವಿದೆ. ಈ ವಾಹನಕ್ಕೆ ಅಪಘಾತವಾಗಿ ಅದರ ಚೌಕಟ್ಟಿಗೆ ಹಾನಿಯಾಗಿದೆಯೇ ಎಂಬ ಪ್ರಶ್ನೆ ಎರಡರಲ್ಲಿಯೂ ಇಲ್ಲ. ಆ ಒಂದು ಸಾಲು ಅಲ್ಲಿದ್ದರೆ, ದೇಶದಲ್ಲಿ ಕೈಬದಲಾಗುವ ಪ್ರತಿಯೊಂದು ಕಾರಿನ ಮಾರಾಟಗಾರನಿಗೂ ಆ ಪ್ರಶ್ನೆಯನ್ನು ಲಿಖಿತವಾಗಿ ಕೇಳಿದಂತಾಗುವುದು. ಕೇಳಿದ ಮೇಲೆ ಆತನು ಉತ್ತರವನ್ನು ಖಾಲಿ ಬಿಟ್ಟರೂ ಮಾತಾಡಿದಂತೆಯೇ ಆಗುವುದು. ಅದನ್ನು ಸೇರಿಸುವುದಕ್ಕೆ ಸಂಸತ್ತಿನಲ್ಲಿ ಹೊಸ ಕಾಯಿದೆಯ ಅಗತ್ಯವಿಲ್ಲ, ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ಸಾಕು. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಕೊಳ್ಳುವವರೇ, ಹಣ ಕೊಡುವ ಮುನ್ನ, ಬರೆದು ಕೇಳಬೇಕು.